6 ಕೆ.ಜಿ. ಒತ್ತಿದರೆ ಹಿಪ್ ಮೇಲೆ 48 ಕೆ.ಜಿ. ಇಳಿಯುವುದು ಹೇಗೆ?

ಪ್ರಶ್ನೆ: ನಾನು ಫಿಸಿಯೋಥೆರಪಿಯಲ್ಲಿ ಬಿಪಿಟಿ ಓದ್ತಾ ಇದ್ದೀನಿ. ಬಲಗಡೆ ಹಿಪ್ ನೋವಿದ್ರೆ ಎಡಗೈಯಲ್ಲಿ ಕೋಲು ಹಿಡಿಸಬೇಕು ಅಂತ ಕ್ಲಾಸಲ್ಲಿ ಹೇಳಿದ್ದಾರೆ. ಪರೀಕ್ಷೆಯಲ್ಲಿ ಕಾರಣ ಬರೆಯೋಕೆ ಬರುತ್ತೆ, ಆದ್ರೆ ನಿಜವಾಗಿ ಅರ್ಥ ಆಗಿಲ್ಲ. ಕೈಯಿಂದ ಒತ್ತೋದು ಐದಾರು ಕೆ.ಜಿ. ಅಷ್ಟೇ. ಅದರಿಂದ ಕೀಲಿನ ಭಾರ ಅಷ್ಟೊಂದು ಹೇಗೆ ಇಳಿಯುತ್ತೆ? ಇನ್ನೊಂದು ವಿಷಯ, ನಾನು ಪೋಸ್ಟಿಂಗ್‌ನಲ್ಲಿ ನೋಡಿದ ರೋಗಿಗಳು ನೋವಿರೋ ಕಡೆಯೇ ಕೋಲು ಹಿಡೀತಾರೆ. ಅದೇ ಹಾಯಾಗಿದೆ ಅಂತಾರೆ. ಅವರು ಹೇಳೋದು ತಪ್ಪಾ?

ಉತ್ತರ: ತಪ್ಪಲ್ಲ. ಅವರಿಗೆ ಹಾಯಾಗುವುದು ನಿಜ. ಆದರೆ ಹಾಯಾಗಿಸುತ್ತಿರುವುದು ಕೋಲು ಅಲ್ಲ, ಬೇರೆಯೇ ಒಂದು ವಿಷಯ. ಅದು ಯಾವುದು ಅಂತ ತಿಳಿಯಬೇಕಾದರೆ ಮೊದಲು ಕೋಲಿಲ್ಲದ ಲೆಕ್ಕ ಮಾಡಬೇಕು. ಪೆನ್ನು, ಹಾಳೆ ತೆಗೆದುಕೊಳ್ಳಿ. ಬರೀ ಕೂಡಿಸಿ ಕಳೆಯುವ ಲೆಕ್ಕ, ಹೆದರಬೇಡಿ.

60 ಕೆ.ಜಿ. ತೂಕದ ಒಬ್ಬ ಹೆಂಗಸು, ಬಲ ಹಿಪ್ ಸವೆದಿದೆ ಅಂದುಕೊಳ್ಳೋಣ. ಲೆಕ್ಕ ಸುಲಭವಾಗಲಿ ಅಂತ 1 ಕೆ.ಜಿ.ಗೆ 10 ನ್ಯೂಟನ್ ಹಿಡಿಯೋಣ. ಅವರ ತೂಕ 600 ನ್ಯೂಟನ್. ಒಂದು ಕಾಲಿನ ತೂಕ ಸುಮಾರು ದೇಹದ ಆರನೇ ಒಂದು ಭಾಗ, ಅಂದರೆ 100 ನ್ಯೂಟನ್.

ಎರಡೂ ಕಾಲಿನ ಮೇಲೆ ಸಮವಾಗಿ ನಿಂತಾಗ ಹಿಪ್ ಕೀಲುಗಳು ಹೊರುವುದು ಕಾಲುಗಳಿಗಿಂತ ಮೇಲಿನ ಭಾರವನ್ನು ಮಾತ್ರ. 600ರಲ್ಲಿ ಎರಡು ಕಾಲಿನ 200 ಕಳೆದರೆ 400. ಒಂದೊಂದು ಕೀಲಿಗೆ 200 ನ್ಯೂಟನ್. ಹೀಗೆ ನಿಂತಾಗ ಪಕ್ಕದ ಸ್ನಾಯುಗಳಿಗೆ ಹೆಚ್ಚು ಕೆಲಸವೂ ಇಲ್ಲ.

ಈಗ ಅವರು ಎಡಗಾಲು ಎತ್ತಲಿ. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಇದು ಆಗುತ್ತದೆ. ಬಲ ಹಿಪ್ ಈಗ ತಲೆ, ಕೈ, ಮುಂಡದ ಜೊತೆಗೆ ಗಾಳಿಯಲ್ಲಿ ನೇತಾಡುವ ಎಡಗಾಲನ್ನೂ ಹೊರಬೇಕು. 600ರಲ್ಲಿ ಬಲಗಾಲಿನ 100 ಕಳೆದರೆ 500 ನ್ಯೂಟನ್. 200 ಇದ್ದದ್ದು 500 ಆಯಿತು, ಅಷ್ಟೇ ತಾನೇ ಅನ್ನಿಸಬಹುದು. ಹೆಚ್ಚಿನ ವಿದ್ಯಾರ್ಥಿಗಳು ನಿಲ್ಲುವುದು ಇಲ್ಲೇ. ನಿಜವಾದ ಹೊರೆ ಇನ್ನೂ ಬಂದಿಲ್ಲ.

ಆ 500 ನ್ಯೂಟನ್ ಕೀಲಿನ ನೇರ ಮೇಲೆ ಕೂತಿಲ್ಲ, ಎಡಗಡೆಗೆ ಸರಿದಿದೆ. ಅದರ ಗುರುತ್ವ ರೇಖೆ ಬಲ ಹಿಪ್‌ನ ಕೇಂದ್ರದಿಂದ ಸುಮಾರು 10 ಸೆಂ.ಮೀ. ಒಳಗೆ, ಎಂದರೆ ದೇಹದ ನಡುವಿನ ಕಡೆಗೆ ಬೀಳುತ್ತದೆ. ಹಾಗಾಗಿ ಪೆಲ್ವಿಸ್ ಎಡಕ್ಕೆ ವಾಲಿ ಬೀಳಬೇಕು. ಬೀಳದಂತೆ ಹಿಡಿಯುವುದು ಬಲಗಡೆಯ ಅಬ್ಡಕ್ಟರ್‌ಗಳು, ಮುಖ್ಯವಾಗಿ ಗ್ಲೂಟಿಯಸ್ ಮೀಡಿಯಸ್ ಮತ್ತು ಮಿನಿಮಸ್. ಅವು ಕೀಲಿನ ಹೊರಗಡೆಯಿಂದ ಪೆಲ್ವಿಸನ್ನು ಕೆಳಕ್ಕೆ ಎಳೆಯುತ್ತವೆ. ಆದರೆ ಅವಕ್ಕೆ ಸಿಕ್ಕ ಮೊಮೆಂಟ್ ಆರ್ಮ್, ಅಂದರೆ ಕೀಲಿನ ಕೇಂದ್ರದಿಂದ ಎಳೆತದ ರೇಖೆಗಿರುವ ದೂರ, ಸುಮಾರು 5 ಸೆಂ.ಮೀ. ಮಾತ್ರ. ತಕ್ಕಡಿಯ ಒಂದು ತೋಳು ಇನ್ನೊಂದಕ್ಕಿಂತ ಎರಡು ಪಟ್ಟು ಉದ್ದ ಇದ್ದ ಹಾಗೆ. ಗಿಡ್ಡ ತೋಳಿನ ಕಡೆ ಎರಡು ಪಟ್ಟು ತೂಕ ಇಟ್ಟರೆ ಮಾತ್ರ ದಂಡ ಸಮ ನಿಲ್ಲುತ್ತದೆ.

ಸ್ನಾಯುವಿನ ಬಲವನ್ನು M ಅನ್ನೋಣ.

```
500 × 10 = M × 5
M = 1000 N
R = 1000 + 500 = 1500 N
```

R ಅಂದರೆ ಜಾಯಿಂಟ್ ರಿಯಾಕ್ಷನ್ ಫೋರ್ಸ್. ಸ್ನಾಯು ಕೆಳಕ್ಕೆ ಎಳೆದದ್ದೂ ತೊಡೆಮೂಳೆಯ ತಲೆಯ ಮೇಲೇ ಬೀಳುತ್ತದೆ, ಮೇಲಿನ ಭಾರವೂ ಅದರ ಮೇಲೇ ಬೀಳುತ್ತದೆ. ಎರಡೂ ಸೇರಿ 1500 ನ್ಯೂಟನ್, ದೇಹದ ತೂಕದ ಎರಡೂವರೆ ಪಟ್ಟು. ಕೀಲಿನ ಮೇಲಿನ ಹೊರೆಯಲ್ಲಿ ಮೂರರಲ್ಲಿ ಎರಡು ಪಾಲು ತೂಕದ್ದಲ್ಲ, ಸ್ನಾಯುವಿನದ್ದು. ಈ ಒಂದು ಮಾತು ಮನಸ್ಸಲ್ಲಿ ಕೂತರೆ ಕೋಲಿನ ಕಥೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಇಲ್ಲಿ ಸ್ನಾಯು ನೇರ ಕೆಳಕ್ಕೇ ಎಳೆಯುತ್ತದೆ ಅಂತ ಹಿಡಿದಿದ್ದೇನೆ. ನಿಜದಲ್ಲಿ ಅದು ಸ್ವಲ್ಪ ಓರೆ. 20 ಡಿಗ್ರಿ ಓರೆ ಅಂತ ಹಿಡಿದು ಮತ್ತೆ ಲೆಕ್ಕ ಹಾಕಿದರೆ R ಸುಮಾರು 1480 ಬರುತ್ತದೆ. ವ್ಯತ್ಯಾಸ ತೀರಾ ಕಡಿಮೆ, ಹಾಗಾಗಿ ವೈವಾದಲ್ಲಿ ನೇರ ರೇಖೆಯ ಲೆಕ್ಕವೇ ಸಾಕು. ಈ ರೀತಿ ಹಿಪ್ಪನ್ನು ತಕ್ಕಡಿಯಾಗಿ ನೋಡಿ ಲೆಕ್ಕ ಹಾಕಿದವರು ಜರ್ಮನಿಯ ಮೂಳೆ ಸರ್ಜನ್ ಫ್ರೀಡ್ರಿಕ್ ಪೌವೆಲ್ಸ್, 1930ರ ದಶಕದಲ್ಲಿ. ಕಾಗದದ ಮೇಲಿನ ಈ ಲೆಕ್ಕ ನಿಜವೇ ಅಂತ ನೋಡಲು ದಶಕಗಳು ಬೇಕಾದವು. ಬರ್ಲಿನ್‌ನ ಬೆರ್ಗ್‌ಮನ್ ಮತ್ತು ಜೊತೆಗಾರರು ಕೃತಕ ಹಿಪ್‌ನ ಒಳಗೇ ಬಲ ಅಳೆಯುವ ಸೆನ್ಸರ್ ಇಟ್ಟು, ರೋಗಿಗಳನ್ನು ನಡೆಸಿ ಅಳೆದರು. 2001ರಲ್ಲಿ ಅವರು ಕೊಟ್ಟ ಸರಾಸರಿ ಹೀಗಿದೆ: ಗಂಟೆಗೆ ಸುಮಾರು 4 ಕಿ.ಮೀ. ನಡಿಗೆಯಲ್ಲಿ ದೇಹದ ತೂಕದ 238%, ಮೆಟ್ಟಿಲು ಹತ್ತುವಾಗ 251%, ಇಳಿಯುವಾಗ 260%. ನಮ್ಮ 250% ಎಷ್ಟು ಹತ್ತಿರ ಇದೆ ನೋಡಿ. ಅದೇ ಗುಂಪಿನ ಹಿಂದಿನ ಅಳತೆಯೊಂದರಲ್ಲಿ ರೋಗಿಯೊಬ್ಬರು ಎಡವಿದಾಗ ಕೀಲಿನ ಮೇಲಿನ ಬಲ ದೇಹದ ತೂಕದ 8 ಪಟ್ಟು ದಾಟಿತ್ತು.

ಈಗ ಎಡಗೈಗೆ ಕೋಲು ಕೊಡೋಣ.

ಬಲ ಹಿಪ್‌ನ ಕೇಂದ್ರದಿಂದ ಎಡಗೈಯ ಕೋಲಿನವರೆಗೆ ಅಡ್ಡ ಅಳತೆ ಸುಮಾರು 35 ಸೆಂ.ಮೀ. ಬರುತ್ತದೆ. ಅವರು 6 ಕೆ.ಜಿ.ಯಷ್ಟು, ಅಂದರೆ 60 ನ್ಯೂಟನ್ ಒತ್ತಲಿ. ನೆಲ ಅಷ್ಟೇ ಬಲದಿಂದ ಕೋಲನ್ನು ಮೇಲಕ್ಕೆ ತಳ್ಳುತ್ತದೆ. ಆ ತಳ್ಳು ಕೈ, ಭುಜ, ಮುಂಡದ ಸ್ನಾಯುಗಳ ಮೂಲಕ ಪೆಲ್ವಿಸ್‌ಗೆ ಬಂದು ಮುಟ್ಟುತ್ತದೆ. ಎಲ್ಲಿ ಪೆಲ್ವಿಸ್ ಬೀಳಲು ಹೊರಟಿದೆಯೋ ಅದೇ ಎಡಗಡೆಯನ್ನು ಮೇಲಕ್ಕೆ ಎತ್ತುತ್ತದೆ. ಸ್ನಾಯು ಮಾಡಬೇಕಾದ ಕೆಲಸದಲ್ಲಿ ಒಂದು ಪಾಲನ್ನು ಕೋಲೇ ಮಾಡಿಬಿಡುತ್ತದೆ.

```
(500 × 10) − (60 × 35) = M × 5
5000 − 2100 = 2900
M = 580 N
R = 580 + 500 − 60 = 1020 N
```

1500ರಿಂದ 1020ಕ್ಕೆ. 60 ನ್ಯೂಟನ್ ಕೊಟ್ಟು 480 ನ್ಯೂಟನ್ ಉಳಿಸಿದರು. ನಿಮಗೆ ಅರ್ಥವಾಗದೆ ಉಳಿದಿದ್ದ ಜಾಗ ಇದೇ. ಕೋಲು ದೇಹದ ಭಾರವನ್ನು ಹೊರುವುದರಿಂದ ಇಳಿದದ್ದು ಬರೀ 60. ಉಳಿದ 420 ಇಳಿದದ್ದು ಸ್ನಾಯು ಸುಮ್ಮನಾದದ್ದರಿಂದ. ಕೋಲಿನ ತೋಳು 35, ಸ್ನಾಯುವಿನ ತೋಳು 5, ಅಂದರೆ ಏಳು ಪಟ್ಟು. ಕೋಲಿನ ಒಂದು ನ್ಯೂಟನ್ ಸ್ನಾಯುವಿನ ಏಳು ನ್ಯೂಟನ್ ಉಳಿಸುತ್ತದೆ. ಜೊತೆಗೆ ನೇರವಾಗಿ ಹೊತ್ತ ಒಂದು. ಒಟ್ಟು ಎಂಟು.

ಈ ಎಂಟು ಎಲ್ಲರಿಗೂ ಎಂಟೇ ಅಲ್ಲ. ತೊಡೆಮೂಳೆಯ ಕುತ್ತಿಗೆ ನೆಟ್ಟಗಿದ್ದವರಲ್ಲಿ, ಅಂದರೆ ಕಾಕ್ಸಾ ವಾಲ್ಗಾ ಇದ್ದರೆ, ಅಬ್ಡಕ್ಟರ್ ತೋಳು ಗಿಡ್ಡವಾಗುತ್ತದೆ. 5 ಸೆಂ.ಮೀ. ಬದಲು 4 ಹಾಕಿ ಕೋಲಿಲ್ಲದ ಲೆಕ್ಕ ಮಾಡಿ ನೋಡಿ. M 1250, R 1750. ಒಂದೇ ಒಂದು ಸೆಂಟಿಮೀಟರ್ 250 ನ್ಯೂಟನ್ ತಿಂದುಹಾಕಿತು. ಹಿಪ್ ಬದಲಿಸುವ ಸರ್ಜನ್‌ಗಳು ಆಫ್‌ಸೆಟ್, ಅಂದರೆ ಕೀಲಿನ ಕೇಂದ್ರದಿಂದ ತೊಡೆಮೂಳೆಯ ನಡುರೇಖೆಗಿರುವ ದೂರ, ಅಂತ ಅಷ್ಟೊಂದು ತಲೆಕೆಡಿಸಿಕೊಳ್ಳುವುದು ಸುಮ್ನೆ ಅಲ್ಲ.

ಇನ್ನು ನಿಮ್ಮ ರೋಗಿಗಳ ವಿಷಯ. ಬಲ ಹಿಪ್ ನೋವು, ಬಲಗೈಯಲ್ಲೇ ಕೋಲು. ಕೋಲು ಈಗ ಕೀಲಿನಿಂದ ಹೊರಗಡೆ ಸುಮಾರು 20 ಸೆಂ.ಮೀ. ದೂರದಲ್ಲಿದೆ. ನೆಲದ ತಳ್ಳು ಈಗ ಬಲಗಡೆಯನ್ನು ಮೇಲಕ್ಕೆ ಎತ್ತುತ್ತದೆ. ಅಬ್ಡಕ್ಟರ್ ಕೆಳಕ್ಕೆ ಎಳೆಯಲು ಹೆಣಗುತ್ತಿರುವ ಕಡೆಯೂ ಅದೇ. ಕೋಲು ಸ್ನಾಯುವಿಗೆ ಎದುರಾಗಿ ನಿಂತಿತು. ಮೈ ನೆಟ್ಟಗೆ ಇಟ್ಟುಕೊಂಡು ಹೀಗೆ ನಡೆದರೆ:

```
5000 + (60 × 20) = M × 5
M = 1240 N
R = 1240 + 500 − 60 = 1680 N
```

ಕೋಲೇ ಇಲ್ಲದಿದ್ದಾಗ 1500 ಇತ್ತು, ಈಗ 1680. ಇದು ನಿಜವಾದರೆ ಆ ರೋಗಿಗಳಿಗೆ ನೋವು ಜಾಸ್ತಿ ಆಗಬೇಕಿತ್ತು, ಅಲ್ವಾ? ಆಗುವುದಿಲ್ಲ ಯಾಕೆ?

ಅವರು ಮೈ ನೆಟ್ಟಗೆ ಇಟ್ಟುಕೊಂಡು ನಡೆಯುವುದಿಲ್ಲ. ಮುಂದಿನ ಸಲ ಪೋಸ್ಟಿಂಗ್‌ನಲ್ಲಿ ಕೋಲನ್ನು ಬಿಟ್ಟು ಅವರ ಭುಜಗಳನ್ನು ನೋಡಿ. ರೋಗಿಯ ಹಿಂದೆ ನಿಂತು ನೋಡಿದರೆ ಇನ್ನೂ ಚೆನ್ನ. ಬಲಗಾಲು ಊರಿದ ಕೂಡಲೇ ಬಲ ಭುಜ ಕೆಳಗಿಳಿಯುತ್ತದೆ, ಇಡೀ ಮುಂಡ ಬಲಕ್ಕೆ ವಾಲುತ್ತದೆ. ಗುರುತ್ವ ರೇಖೆ ಕೀಲಿನ ಹತ್ತಿರ ಬರುತ್ತದೆ. 10 ಸೆಂ.ಮೀ. ಇದ್ದದ್ದು 5 ಆಯಿತು ಅಂದುಕೊಳ್ಳಿ. ಆಗ M ಆಗುವುದು (2500 + 1200) ÷ 5, ಅಂದರೆ 740. R 1180. ಮೊದಲಿನ 1500ಕ್ಕೆ ಹೋಲಿಸಿದರೆ ಇದು ನಿಜವಾಗಿಯೂ ಹಾಯಿ. ಅವರು ನಿಮಗೆ ಸುಳ್ಳು ಹೇಳಿಲ್ಲ.

ಆದರೆ ಅದೇ ವಾಲುವಿಕೆಯನ್ನು ಕೋಲಿಲ್ಲದೆ ಮಾಡಿದರೆ? 500 × 5 = M × 5. M 500, R 1000. ಅಂದರೆ ಕೋಲು ಅವರ ಹಿಪ್‌ಗೆ 180 ನ್ಯೂಟನ್ ಕೂಡಿಸಿದೆಯೇ ಹೊರತು ಕಳೆದಿಲ್ಲ. ಹೊರೆ ಇಳಿಸಿದ್ದು ವಾಲುವಿಕೆ. ವಾಲಿದಾಗ ಬಲಕ್ಕೆ ಬಿದ್ದುಬಿಡುವ ಭಯ ಇರುತ್ತದಲ್ಲ, ಆ ಭಯಕ್ಕೆ ಬಲಗೈಯ ಕೋಲು ಆಸರೆ. ನೋವಿನ ಕಡೆ ಕೋಲು ಹಿಡಿಯುವುದು ಇಷ್ಟು ಸಹಜವಾಗಿ ಬರುವುದಕ್ಕೆ ಇದೇ ಕಾರಣ ಅಂತ ನನ್ನ ತಿಳುವಳಿಕೆ.

ಹಾಗಾದರೆ ವಾಲಿಕೊಂಡೇ ನಡೆಯಲಿ ಬಿಡಿ, 1000ಕ್ಕೆ ಇಳಿಯಿತಲ್ಲ ಅಂತ ಕೇಳಬಹುದು. ಹಿಪ್ ಒಂದನ್ನೇ ನೋಡಿದರೆ ಹೌದು. ಆದರೆ ಪ್ರತಿ ಹೆಜ್ಜೆಗೂ ಮುಂಡವನ್ನು ಆ ಕಡೆಗೆ ಎಸೆದು ವಾಪಸ್ ಎಳೆಯಬೇಕು. ಬೆನ್ನಿನ ಕೆಳಭಾಗ ಪಕ್ಕಕ್ಕೆ ಬಾಗಿ ಬಾಗಿ ನೋಯಲು ಶುರುವಾಗುತ್ತದೆ. ಮೊಣಕಾಲಿನ ಹೊರಬದಿಗೂ ಹೊರೆ ಸರಿಯುತ್ತದೆ. ಬೇಗ ಸುಸ್ತಾಗುತ್ತದೆ. ಎಡಗೈಯ ಕೋಲು ಮೈ ನೆಟ್ಟಗಿದ್ದಾಗಲೇ ಹೆಚ್ಚುಕಡಿಮೆ ಅಷ್ಟೇ ಇಳಿಕೆ ಕೊಡುತ್ತದೆ, 1020. ಆಯ್ಕೆ ಯಾವುದು ಅಂತ ನನಗೆ ಅನುಮಾನವೇ ಇಲ್ಲ.

ಲೆಕ್ಕದ ಮಿತಿಯನ್ನೂ ಹೇಳಿಬಿಡುತ್ತೇನೆ. ಇದು ಒಂದು ಕ್ಷಣ ಅಲುಗಾಡದೆ ನಿಂತವರ ಲೆಕ್ಕ. ನಡೆಯುವಾಗ ಕೀಲಿನ ಬಲ ಎರಡು ಸಲ ಏರುತ್ತದೆ, ಕಾಲು ಊರಿ ಭಾರ ಹಾಕಿದ ಮೇಲೆ ಒಮ್ಮೆ, ಕಾಲು ನೆಲ ಬಿಡುವ ಮುಂಚೆ ಇನ್ನೊಮ್ಮೆ. ಕೈಯ ಒತ್ತು ಆ ಎರಡೂ ಏರುಗಳಿಗೆ ಸರಿಯಾಗಿ ಹೊಂದಿಕೊಳ್ಳುವುದಿಲ್ಲ. ಎದುರು ಸ್ನಾಯುಗಳೂ ಸ್ವಲ್ಪ ಬಿಗಿಯುತ್ತವೆ, ಅದರಲ್ಲೂ ನೋವಿರುವವರಲ್ಲಿ. ಹೀಗಾಗಿ ನಡಿಗೆಯಲ್ಲಿ ಕಾಗದದ ಮೇಲಿನ ಪೂರ್ತಿ ಇಳಿಕೆ ಸಿಗುತ್ತದೆ ಅಂತ ರೋಗಿಗೆ ಭರವಸೆ ಕೊಡಬೇಡಿ. ದಿಕ್ಕು ಮಾತ್ರ ಬದಲಾಗುವುದಿಲ್ಲ. ಅಮೆರಿಕದ ಡೊನಾಲ್ಡ್ ನ್ಯೂಮನ್ 1990ರ ದಶಕದಲ್ಲಿ ಹಿಪ್ ಬದಲಿಸಿಕೊಂಡವರ ಅಬ್ಡಕ್ಟರ್‌ಗಳ ಇಎಂಜಿ, ಅಂದರೆ ಸ್ನಾಯುವಿನ ವಿದ್ಯುತ್ ಸಂಕೇತದ ದಾಖಲೆ, ತೆಗೆದಾಗ, ಎದುರುಗೈಯಲ್ಲಿ ಕೋಲು ಒತ್ತಿದಾಗ ಸ್ನಾಯುವಿನ ಚಟುವಟಿಕೆ ಚೆನ್ನಾಗಿಯೇ ಇಳಿದಿತ್ತು.

ಒತ್ತಿದಾಗ ಅನ್ನುವ ಮಾತಿಗೆ ಗಮನ ಕೊಡಿ. ಕ್ಲಿನಿಕ್‌ನಲ್ಲಿ ಹೆಚ್ಚು ಹಾಳಾಗುವುದು ಇಲ್ಲೇ. ಕೋಲು ಸರಿಯಾದ ಕೈಯಲ್ಲಿ ಇರುತ್ತದೆ, ಆದರೆ ಸುಮ್ನೆ ನೆಲಕ್ಕೆ ಮುಟ್ಟಿಸುತ್ತಾ ಹೋಗುತ್ತಾರೆ. ಅದರಿಂದ ಬ್ಯಾಲೆನ್ಸ್‌ಗೆ ಸಹಾಯ ಆಗುತ್ತದೆ, ಕೀಲಿಗೆ ಬಹಳ ಉಪಯೋಗ ಇಲ್ಲ. ನಾನು ಮನೆಯಲ್ಲಿ ತೂಕ ನೋಡುವ ಸಾಮಾನ್ಯ ಮಷಿನ್ ಒಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ರೋಗಿ ನೋವಿನ ಕಾಲಿನ ಮೇಲೆ ಭಾರ ಹಾಕಿ ನಿಲ್ಲಬೇಕು, ಕೋಲಿನ ತುದಿ ಮಷಿನ್ ಮೇಲೆ. ಮಷಿನ್ ಮೂರ್ನಾಲ್ಕು ಸೆಂ.ಮೀ. ದಪ್ಪ ಇರುವುದರಿಂದ ಕಾಲಿನ ಕೆಳಗೂ ಅಷ್ಟೇ ದಪ್ಪದ, ಅಲುಗಾಡದ ಹಲಗೆ ಹಾಕಿ. ಇಲ್ಲದಿದ್ದರೆ ಕೋಲು ಉದ್ದವಾಗಿ ಒತ್ತು ಸರಿಯಾಗಿ ಬೀಳುವುದಿಲ್ಲ. ನೀವು ಪಕ್ಕದಲ್ಲೇ ನಿಂತಿರಿ. "ಚೆನ್ನಾಗಿ ಒತ್ತಿದ್ದೀನಿ" ಅಂತ ಅವರು ಹೇಳುವಾಗ ಮುಳ್ಳು ಎಷ್ಟೋ ಸಲ 2 ಕೆ.ಜಿ. ಹತ್ತಿರ ಇರುತ್ತದೆ. 20 ನ್ಯೂಟನ್‌ಗೆ ಎಂಟು ಪಟ್ಟು, 160. 1500 ಇದ್ದದ್ದು 1340 ಆಯಿತು. 6 ಕೆ.ಜಿ.ಗೆ ಮುಳ್ಳು ಬರುವವರೆಗೆ ಅವರೇ ನೋಡಿಕೊಂಡು ಒತ್ತಲಿ. ಅಂಗೈಗೆ ಆ ಒತ್ತಿನ ಅಂದಾಜು ಸಿಕ್ಕ ಮೇಲೆ ನಡೆಸಿ. ದೇಹದ ತೂಕದ 10%ರಿಂದ ಶುರು ಮಾಡಿ, 15% ಮುಟ್ಟಿದರೆ ಒಳ್ಳೆಯದು. ಅದಕ್ಕಿಂತ ತುಂಬ ಹೆಚ್ಚು ಬೇಕಾದರೆ ಮಣಿಕಟ್ಟು ಸೋಲುತ್ತದೆ. ಅಂಥವರಿಗೆ ಎಲ್ಬೋ ಕ್ರಚ್ ಅಥವಾ ವಾಕರ್ ಯೋಚಿಸಿ.

ಎರಡನೆಯ ತಪ್ಪು ಕೋಲಿನ ಉದ್ದದ್ದು. ದಿನವೂ ಹಾಕುವ ಚಪ್ಪಲಿ ಹಾಕಿ ನಿಲ್ಲಿಸಿ, ಕೈ ಸಡಿಲ ಬಿಡಿಸಿ. ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಕೋಲಿನ ತುದಿಯನ್ನು ಪಾದದಿಂದ ಸುಮಾರು 15 ಸೆಂ.ಮೀ. ಪಕ್ಕಕ್ಕೆ ಇಟ್ಟು ಹಿಡಿದಾಗ ಮೊಣಕೈ 20ರಿಂದ 30 ಡಿಗ್ರಿ ಮಡಚಿರಬೇಕು. ಈ ಮಡಿಕೆ ಇದ್ದರೆ ಟ್ರೈಸೆಪ್ಸ್‌ಗೆ ತಳ್ಳಲು ಜಾಗ ಸಿಗುತ್ತದೆ. ಕೋಲು ಉದ್ದವಾದರೆ ಭುಜ ಮೇಲೇರುತ್ತದೆ, ಅದು ಕಣ್ಣಿಗೆ ಬೇಗ ಬೀಳುತ್ತದೆ. ಗಿಡ್ಡವಾದರೆ ಆಗುವ ನಷ್ಟ ಅಷ್ಟು ಬೇಗ ಕಾಣುವುದಿಲ್ಲ. ರೋಗಿ ಕೋಲಿನ ಕಡೆಗೆ, ಅಂದರೆ ನೋವಿಲ್ಲದ ಎಡಗಡೆಗೆ ವಾಲುತ್ತಾರೆ. ಗುರುತ್ವ ರೇಖೆ ಬಲ ಹಿಪ್‌ನಿಂದ ದೂರ ಹೋಗುತ್ತದೆ. 10 ಇದ್ದದ್ದು 13 ಸೆಂ.ಮೀ. ಆಯಿತು ಅನ್ನೋಣ. ಕೋಲಿನ ಮೇಲೆ ಅದೇ 60 ನ್ಯೂಟನ್ ಒತ್ತಿದರೂ M (6500 − 2100) ÷ 5, ಅಂದರೆ 880. R 1320. ಕೋಲು ಕೊಟ್ಟ 480ರಲ್ಲಿ 300ನ್ನು ಮೂರು ಸೆಂಟಿಮೀಟರ್ ವಾಲುವಿಕೆ ವಾಪಸ್ ಕಿತ್ತುಕೊಂಡಿತು. ಅಜ್ಜನ ಕಾಲದ ಮರದ ಕೋಲನ್ನೇ ಮೊಮ್ಮಗಳು ಹಿಡಿದುಕೊಂಡು ಬಂದಾಗ ಮೊದಲು ಅದರ ಎತ್ತರ ನೋಡಿ.

ಮೂರನೆಯದು ಹೊತ್ತಿನ ತಪ್ಪು. ಕೋಲು ಮತ್ತು ನೋವಿನ ಕಾಲು ಒಟ್ಟಿಗೆ ನೆಲ ಮುಟ್ಟಬೇಕು. ಎಡಗೈ ಕೋಲು ಎಡಗಾಲಿನ ಜೊತೆ ಹೋಗುತ್ತಿದ್ದರೆ ಬಲ ಹಿಪ್ ಒಂಟಿಯಾಗಿ ನಿಂತಾಗ ಕೋಲು ಗಾಳಿಯಲ್ಲಿರುತ್ತದೆ. ಇದನ್ನು ನೋಡಿ ಪತ್ತೆ ಮಾಡುವುದು ಸುಲಭ, ತಿದ್ದುವುದಕ್ಕೆ ಸ್ವಲ್ಪ ತಾಳ್ಮೆ ಬೇಕು.

ಇದೇ ಲೆಕ್ಕದಿಂದ ಇನ್ನೊಂದು ಸಲಹೆ ಹೊರಡುತ್ತದೆ, ರೋಗಿಗಳು ಅದನ್ನು ಕೇಳುವುದೇ ಇಲ್ಲ. ತರಕಾರಿ ಚೀಲವನ್ನು ಯಾವ ಕೈಯಲ್ಲಿ ಹಿಡಿಯಬೇಕು? ನೋವಿರುವ ಕಡೆ ಭಾರ ಬೇಡ ಅಂತ ಎಲ್ಲರೂ ಎಡಗೈಗೆ ಹಾಕಿಕೊಳ್ಳುತ್ತಾರೆ. 5 ಕೆ.ಜಿ. ಚೀಲ ಎಡಗೈಯಲ್ಲಿ, 35 ಸೆಂ.ಮೀ. ದೂರದಲ್ಲಿ ತೂಗಿದರೆ ಕೋಲು ಮಾಡಿದ್ದರ ಪೂರ್ತಿ ಉಲ್ಟಾ ಆಗುತ್ತದೆ. ಬಲ ಹಿಪ್ ಮೇಲೆ 50ರ ಎಂಟು ಪಟ್ಟು, 400 ನ್ಯೂಟನ್ ಜಾಸ್ತಿ. ಅದೇ ಚೀಲ ಬಲಗೈಯಲ್ಲಿದ್ದರೆ ಕೀಲಿನ ಹೊರಗಡೆ 20 ಸೆಂ.ಮೀ. ದೂರದಲ್ಲಿ ಕೆಳಕ್ಕೆ ಎಳೆದು ಅಬ್ಡಕ್ಟರ್‌ಗೇ ಸಹಾಯ ಮಾಡುತ್ತದೆ. ಸ್ನಾಯುವಿನ ಬಲ 200 ಇಳಿಯುತ್ತದೆ, ಚೀಲದ ತೂಕ 50 ಕೂಡುತ್ತದೆ, ಒಟ್ಟಿನಲ್ಲಿ 150 ಕಡಿಮೆ. ನಮ್ಮ ಹಳ್ಳಿಗಳಲ್ಲಿ ಕೊಡ ಹೊರುವ ಹೆಂಗಸರನ್ನೂ ಇದೇ ದೃಷ್ಟಿಯಿಂದ ಕೇಳಿ ನೋಡಿ, ಯಾವ ಸೊಂಟದ ಮೇಲೆ ಕೊಡ ಇಡುತ್ತೀರಿ ಅಂತ. ಹಾಗಂತ ಭಾರ ಹೊರಿಸಿ ಹಿಪ್ ಹೊರೆ ಇಳಿಸಲು ಹೋಗಬೇಡಿ. ಚೀಲ ದೊಡ್ಡದಾದಷ್ಟೂ ಮಂಡಿ, ಬೆನ್ನು ಎಲ್ಲಕ್ಕೂ ಹೊರೆ. ಹೊರಲೇಬೇಕಾದಾಗ ಯಾವ ಕೈ ಅನ್ನುವುದಕ್ಕೆ ಮಾತ್ರ ಇದು ಉತ್ತರ: ಕೋಲು ಎಡಗೈ, ಚೀಲ ಬಲಗೈ.

ಎದುರುಗೈಯಲ್ಲೇ ಕೋಲು ಅನ್ನುವ ನಿಯಮವನ್ನು ಬಿಡಬೇಕಾದ ರೋಗಿಗಳೂ ಸಿಗುತ್ತಾರೆ. ಎಡಗೈ ಪಾರ್ಶ್ವವಾಯುವಿನಿಂದ ಬಲ ಕಳೆದುಕೊಂಡಿದ್ದರೆ, ಅಥವಾ ಸಂಧಿವಾತದಿಂದ ಆ ಮಣಿಕಟ್ಟು ಊದಿಕೊಂಡಿದ್ದರೆ 60 ನ್ಯೂಟನ್ ಒತ್ತು ಬರುವುದೇ ಇಲ್ಲ. ಮಣಿಕಟ್ಟು ಒಂದೇ ಸಮಸ್ಯೆಯಾದರೆ, ಮೊಣಕೈಯಿಂದ ಮುಂಗೈವರೆಗೆ ಊರಿ ಒತ್ತುವ ಗಟರ್ ಕ್ರಚ್ ಅದೇ ಕೈಗೆ ಕೊಡಬಹುದು. ಕೈಯೇ ಕೆಲಸ ಮಾಡದಿದ್ದರೆ ನೋವಿನ ಕಡೆಯ ಕೋಲೇ ಗತಿ. ಆಗ ಆ ಕೋಲು ಬೀಳದಿರುವುದಕ್ಕೆ ಮಾತ್ರ, ಹಿಪ್‌ನ ಹೊರೆ ಇಳಿಸುವುದಕ್ಕಲ್ಲ ಅಂತ ಕೇಸ್ ಶೀಟ್‌ನಲ್ಲಿ ಬರೆದಿಡಿ. ಎರಡೂ ಹಿಪ್ ಸವೆದವರಿಗೆ ಒಂದು ಕೋಲು ಸಾಲದು, ಎರಡು ಕೈಗೂ ಒಂದೊಂದು ಬೇಕು. ಪ್ರತಿ ಹೆಜ್ಜೆಯಲ್ಲಿ ಊರಿದ ಕಾಲಿನ ಎದುರುಗೈ ಕೋಲು ಒತ್ತಬೇಕು.